ಪರ್ ಯೂನಿಟ್ ಪದ್ಧತಿ ಮತ್ತು ಟ್ರಾನ್ಸ್‌ಫಾರ್ಮರಿನ ಎರಡು ಬದಿಗಳ ಬೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಎಲ್ಲ ಉತ್ತರಗಳೂ ಒಂದೇ ಸಣ್ಣ ಜಾಲವನ್ನು ಆಧರಿಸಿವೆ. ಒಂದು ಜನರೇಟರ್, ಒಂದು ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್, 100 ಕಿಲೋಮೀಟರ್ ಉದ್ದದ ಲೈನ್, ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಮತ್ತು ಅದರಾಚೆಗಿನ ಒಂದು ಬಸ್, ಇಷ್ಟೇ ಅದರ ಸಿಂಗಲ್ ಲೈನ್ ಡಯಾಗ್ರಾಮ್. ರೆಸಿಸ್ಟೆನ್ಸ್ ಅನ್ನು ಕೈಬಿಟ್ಟು ರಿಯಾಕ್ಟೆನ್ಸ್ ಮಾತ್ರ ಇಟ್ಟುಕೊಂಡಿದ್ದೇವೆ. ಬೇಸ್ ಬದಲಿಸುವ ನಿಯಮ ಎರಡಕ್ಕೂ ಒಂದೇ ಆದ್ದರಿಂದ ಇದರಿಂದ ತಿಳಿವಳಿಕೆಗೆ ಕೊರತೆಯಾಗುವುದಿಲ್ಲ.

```
 G ----- T1 ------- line ------- T2 ----- BUS

 G    : 25 MVA, 10.5 kV, X = 20 %
 T1   : 30 MVA, 11/132 kV, X = 12 %
 line : 100 km, 0.4 ohm/km  (40 ohm)
 T2   : 20 MVA, 138/34.5 kV, X = 10 %
```

ಪರ್ ಯೂನಿಟ್ ಮೌಲ್ಯ ಎಂದರೇನು?

ಒಂದು ರಾಶಿಯ ನಿಜವಾದ ಮೌಲ್ಯವನ್ನು ಅದೇ ಜಾತಿಯ ಒಂದು ಆಧಾರ ಮೌಲ್ಯದಿಂದ ಭಾಗಿಸಿದಾಗ ಸಿಗುವ ಅನುಪಾತವೇ ಪರ್ ಯೂನಿಟ್ ಮೌಲ್ಯ. ಆ ಆಧಾರ ಮೌಲ್ಯವನ್ನೇ ಬೇಸ್ ಎನ್ನುತ್ತೇವೆ. 132 ಕೆವಿ ಬೇಸ್ ಆಗಿದ್ದರೆ 125.4 ಕೆವಿ ಎಂದರೆ 0.95 ಪರ್ ಯೂನಿಟ್. ಅದನ್ನು ನೂರರಿಂದ ಗುಣಿಸಿದರೆ ಶೇಕಡಾ ಮೌಲ್ಯವಾಗುತ್ತದೆ. ಶೇಕಡಾ ಮೌಲ್ಯಗಳನ್ನು ನೇರವಾಗಿ ಗುಣಿಸಲು ಹೋದರೆ ಪ್ರತಿ ಸಲವೂ ಒಂದು ನೂರು ಹೆಚ್ಚಾಗಿ ಉಳಿದುಬಿಡುವುದರಿಂದ, ಲೆಕ್ಕವನ್ನು ಪರ್ ಯೂನಿಟ್‌ನಲ್ಲಿ ಮಾಡಿ ಶೇಕಡಾವನ್ನು ನೇಮ್ ಪ್ಲೇಟಿಗೆ ಬಿಡುವುದು ಕ್ಷೇಮ.

ಎಷ್ಟು ಬೇಸ್‌ಗಳನ್ನು ನಾವೇ ಆರಿಸಿಕೊಳ್ಳಬಹುದು?

ಎರಡನ್ನು ಮಾತ್ರ. ಪವರ್, ವೋಲ್ಟೇಜ್, ಕರೆಂಟ್ ಮತ್ತು ಇಂಪೀಡೆನ್ಸ್ ಎಂಬ ನಾಲ್ಕು ರಾಶಿಗಳು ಒಂದಕ್ಕೊಂದು ಬಂಧಿತವಾಗಿರುವುದರಿಂದ ಎರಡನ್ನು ನಿಗದಿಪಡಿಸಿದ ಕೂಡಲೇ ಉಳಿದೆರಡು ತಾವಾಗಿಯೇ ನಿರ್ಧಾರವಾಗುತ್ತವೆ. ರೂಢಿಯಲ್ಲಿ ಎಂವಿಎ ಮತ್ತು ಕೆವಿಗಳನ್ನು ಆರಿಸುತ್ತಾರೆ. ಮೂರು ಫೇಸಿನ ಒಟ್ಟು ಎಂವಿಎ ಮತ್ತು ಲೈನಿನಿಂದ ಲೈನಿಗೆ ಇರುವ ಕೆವಿಯನ್ನು ತೆಗೆದುಕೊಂಡಾಗ ಸಂಬಂಧಗಳು ಹೀಗಿರುತ್ತವೆ:

```
Z_base (ohm) = kV² / MVA
I_base (A)   = 1000 × MVA / (√3 × kV)
```

ಮೊದಲ ಸೂತ್ರದಲ್ಲಿ √3 ಇಲ್ಲದಿರುವುದನ್ನು ಕಂಡು ಅನೇಕರು ಅನುಮಾನಿಸುತ್ತಾರೆ. ಫೇಸ್ ವೋಲ್ಟೇಜಿನ ವರ್ಗ ಮಾಡಿದಾಗ ಛೇದದಲ್ಲಿ ಬರುವ 3 ಮತ್ತು ಒಂದು ಫೇಸಿನ ಎಂವಿಎಗಾಗಿ ಛೇದದಲ್ಲಿ ಬರುವ 3 ಒಂದನ್ನೊಂದು ಹೊಡೆದುಹಾಕುತ್ತವೆ. ಎಂವಿಎ ಒಟ್ಟು ಮೂರು ಫೇಸಿನದು, ಕೆವಿ ಮಾತ್ರ ಒಂದು ಫೇಸಿನದು ಎಂದು ಬೆರಕೆ ಮಾಡಿದರೆ ಇಂಪೀಡೆನ್ಸ್ ಬೇಸ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ನೇಮ್ ಪ್ಲೇಟಿನ ಮೇಲಿರುವ 10% ಯಾವ ಬದಿಗೆ ಸೇರಿದ್ದು?

ಎರಡೂ ಬದಿಗೆ. ಈ ಒಂದು ಮಾತು ಸ್ಪಷ್ಟವಾದರೆ ಮುಂದಿನ ಬಹುಪಾಲು ಗೊಂದಲ ಕರಗುತ್ತದೆ. ಆದ್ದರಿಂದ ಈ ಸಂಖ್ಯೆ ಹುಟ್ಟುವ ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ.

T2 ಟ್ರಾನ್ಸ್‌ಫಾರ್ಮರಿನ ಎಲ್‌ವಿ ಬದಿಯ ಮೂರೂ ಟರ್ಮಿನಲ್‌ಗಳನ್ನು ಶಾರ್ಟ್ ಮಾಡಿ, ಎಚ್‌ವಿ ಬದಿಗೆ ಸೊನ್ನೆಯಿಂದ ನಿಧಾನವಾಗಿ ವೋಲ್ಟೇಜ್ ಏರಿಸುತ್ತಾ ಹೋಗುತ್ತೇವೆ ಎಂದುಕೊಳ್ಳಿ. 20 ಎಂವಿಎ, 138 ಕೆವಿಗೆ ಅದರ ರೇಟೆಡ್ ಕರೆಂಟ್ 83.67 ಆಂಪಿಯರ್. ಆ ಕರೆಂಟ್ ಹರಿಯುವ ಹೊತ್ತಿಗೆ ಮೀಟರಿನಲ್ಲಿ 13.8 ಕೆವಿ ಕಾಣುತ್ತದೆ. ಅದು 138ರ ಹತ್ತನೇ ಒಂದು ಭಾಗವಾದ್ದರಿಂದ ಇಂಪೀಡೆನ್ಸ್ 10% ಎಂದು ಬರೆಯುತ್ತಾರೆ. ಈಗ ಎಚ್‌ವಿ ಬದಿಯನ್ನು ಶಾರ್ಟ್ ಮಾಡಿ ಎಲ್‌ವಿ ಬದಿಯಿಂದ ಪರೀಕ್ಷಿಸಿದರೆ ರೇಟೆಡ್ ಕರೆಂಟ್ 334.7 ಆಂಪಿಯರ್, ಅದನ್ನು ಹರಿಸಲು ಬೇಕಾಗುವ ವೋಲ್ಟೇಜ್ 3.45 ಕೆವಿ. ಇದೂ 34.5ರ ಹತ್ತನೇ ಒಂದು ಭಾಗವೇ.

ಓಮ್‌ನಲ್ಲಿ ನೋಡಿದರೆ ಚಿತ್ರ ಬೇರೆ. ಎಚ್‌ವಿ ಬದಿಯಿಂದ ಅದು 95.22 ಓಮ್, ಎಲ್‌ವಿ ಬದಿಯಿಂದ 5.951 ಓಮ್. ಎರಡರ ನಡುವಿನ ಅನುಪಾತ 16, ಅಂದರೆ ವೋಲ್ಟೇಜ್ ಅನುಪಾತವಾದ 4ರ ವರ್ಗ. ಎರಡು ಬದಿಗಳ ಇಂಪೀಡೆನ್ಸ್ ಬೇಸ್‌ಗಳ ನಡುವೆಯೂ ಅದೇ 16ರ ಅನುಪಾತವನ್ನು ಉಳಿಸಿಕೊಂಡರೆ ಭಾಗಲಬ್ಧ ಒಂದೇ ಆಗುತ್ತದೆ, ಟ್ರಾನ್ಸ್‌ಫಾರ್ಮರಿನ ಮಧ್ಯದ ಆದರ್ಶ ಸುರುಳಿಜೋಡಿ ಲೆಕ್ಕದಿಂದ ಮಾಯವಾಗಿ ಬರಿಯ ಒಂದು ಸರಣಿ ರಿಯಾಕ್ಟೆನ್ಸ್ ಉಳಿಯುತ್ತದೆ. ಉಳಿಸಿಕೊಳ್ಳದಿದ್ದರೆ ಮಾಯವಾಗುವುದಿಲ್ಲ.

ಎಂವಿಎ ಬೇಸ್ ಎಲ್ಲೆಡೆ ಒಂದೇ, ಕೆವಿ ಬೇಸ್ ಮಾತ್ರ ಬದಲಾಗುತ್ತದೆ. ಏಕೆ?

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಪವರನ್ನು ಬದಲಿಸುವುದಿಲ್ಲ. ಒಂದು ಬದಿಯಿಂದ ಒಳಹೋದ ಎಂವಿಎ ಇನ್ನೊಂದು ಬದಿಯಿಂದ ಹೊರಬರುವುದರಿಂದ ಎರಡೂ ಬದಿಗಳಲ್ಲಿ ಅದನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕು. ವೋಲ್ಟೇಜಿನ ಅಳತೆಗೋಲು ಮಾತ್ರ ಸುರುಳಿಗಳ ಅನುಪಾತದಲ್ಲಿ ಹಿಗ್ಗಬೇಕು ಅಥವಾ ಕುಗ್ಗಬೇಕು.

ಎಂವಿಎ ಬೇಸ್ ಎಷ್ಟಿರಬೇಕು ಎಂಬುದು ಅನುಕೂಲದ ಪ್ರಶ್ನೆ. 100 ಎಂವಿಎ ರೂಢಿಯಲ್ಲಿದೆ, ನಾವೂ ಅದನ್ನೇ ಬಳಸುತ್ತೇವೆ.

ಸಿಂಗಲ್ ಲೈನ್ ಡಯಾಗ್ರಾಮನ್ನು ವಲಯಗಳಾಗಿ ಹೇಗೆ ಒಡೆಯಬೇಕು?

ಪ್ರತಿ ಟ್ರಾನ್ಸ್‌ಫಾರ್ಮರಿನ ಮಧ್ಯದಲ್ಲಿ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಭಾಗ ಒಂದು ವಲಯ. ನಮ್ಮ ಜಾಲದಲ್ಲಿ ಮೂರು ವಲಯಗಳಾಗುತ್ತವೆ. ಇವುಗಳಲ್ಲಿ ಯಾವುದಾದರೂ ಒಂದೇ ವಲಯದ ಕೆವಿ ಬೇಸನ್ನು ನೀವು ಇಚ್ಛೆಯಂತೆ ಆರಿಸಬಹುದು. ಅಲ್ಲಿಂದಾಚೆಗೆ ನಿಮ್ಮ ಸ್ವಾತಂತ್ರ್ಯ ಮುಗಿಯಿತು, ಉಳಿದ ವಲಯಗಳ ಬೇಸನ್ನು ಟ್ರಾನ್ಸ್‌ಫಾರ್ಮರುಗಳ ಅನುಪಾತಗಳೇ ಹೇಳುತ್ತವೆ.

ಲೈನಿನ ವಲಯಕ್ಕೆ 132 ಕೆವಿ ಆರಿಸೋಣ. T1ನ ಮೂಲಕ ಎಡಕ್ಕೆ ಹೋದರೆ 132 × 11/132 = 11 ಕೆವಿ. T2ನ ಮೂಲಕ ಬಲಕ್ಕೆ ಹೋದರೆ 132 × 34.5/138 = 33 ಕೆವಿ.

ಈ ಕೊನೆಯ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲಬೇಕು. T2ನ ನೇಮ್ ಪ್ಲೇಟಿನ ಮೇಲೆ 33 ಎಂಬ ಅಂಕಿ ಎಲ್ಲಿಯೂ ಇಲ್ಲ, ಆದರೂ ಅದರ ಎಲ್‌ವಿ ಬದಿಯ ಬೇಸ್ 33 ಕೆವಿಯೇ. ಹಾಗೆಯೇ ಜನರೇಟರಿನ ರೇಟಿಂಗ್ 10.5 ಕೆವಿ, ಅದು ಕುಳಿತಿರುವ ವಲಯದ ಬೇಸ್ 11 ಕೆವಿ. ಬೇಸ್ ವಲಯಕ್ಕೆ ಸೇರಿದ್ದು, ಉಪಕರಣಕ್ಕಲ್ಲ. ನೇಮ್ ಪ್ಲೇಟಿನಿಂದ ನಾವು ತೆಗೆದುಕೊಳ್ಳುವುದು ಅನುಪಾತವನ್ನು ಮಾತ್ರ.

ಬೇಸ್ ಬದಲಿಸುವ ಸೂತ್ರದಲ್ಲಿ ಕೆವಿ ಏಕೆ ತಲೆಕೆಳಗಾಗಿದೆ?

ಸೂತ್ರ ಇದು:

```
Z_new = Z_old × (MVA_new / MVA_old) × (kV_old / kV_new)²
```

ಇದನ್ನು ಬಾಯಿಪಾಠ ಮಾಡುವವರು ಪರೀಕ್ಷೆಯಲ್ಲೋ ವರದಿಯಲ್ಲೋ ಒಮ್ಮೆಯಾದರೂ ಕೆವಿ ಅನುಪಾತವನ್ನು ತಿರುಗಿಸಿ ಬರೆಯುತ್ತಾರೆ. ಬಾಯಿಪಾಠದ ಅಗತ್ಯವೇ ಇಲ್ಲ. ಉಪಕರಣದ ಓಮ್ ಬದಲಾಗುವುದಿಲ್ಲ ಎಂಬ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಸಾಕು. ಹಳೆಯ ಪರ್ ಯೂನಿಟ್ ಮೌಲ್ಯವನ್ನು ಹಳೆಯ ಇಂಪೀಡೆನ್ಸ್ ಬೇಸಿನಿಂದ ಗುಣಿಸಿದರೆ ಓಮ್ ಸಿಗುತ್ತದೆ, ಅದನ್ನು ಹೊಸ ಇಂಪೀಡೆನ್ಸ್ ಬೇಸಿನಿಂದ ಭಾಗಿಸಿದರೆ ಹೊಸ ಪರ್ ಯೂನಿಟ್ ಮೌಲ್ಯ ಸಿಗುತ್ತದೆ. ಬೇಸ್ ಎಂದರೆ ಕೆವಿಯ ವರ್ಗವನ್ನು ಎಂವಿಎಯಿಂದ ಭಾಗಿಸಿದ್ದು. ಹಳೆಯದು ಅಂಶದಲ್ಲಿರುವುದರಿಂದ ಹಳೆಯ ಕೆವಿ ಮೇಲೆ ಬರುತ್ತದೆ, ಹಳೆಯ ಎಂವಿಎ ಕೆಳಗೆ ಹೋಗುತ್ತದೆ. ಅನುಮಾನ ಬಂದಾಗ ಬಿಳಿ ಹಾಳೆಯ ಅಂಚಿನಲ್ಲಿ ಈ ಎರಡು ಹೆಜ್ಜೆಗಳನ್ನು ಹಾಕಿಬಿಡುವುದು ನನ್ನ ಅಭ್ಯಾಸ.

ಹಾಗಾದರೆ ಈ ಜಾಲದ ಮೌಲ್ಯಗಳು ಎಷ್ಟು?

ಜನರೇಟರಿಗೆ ಎರಡೂ ತಿದ್ದುಪಡಿಗಳು ಬೇಕು, ಏಕೆಂದರೆ ಅದರ ಎಂವಿಎಯೂ ಕೆವಿಯೂ ಬೇಸಿಗಿಂತ ಭಿನ್ನ. T1ಗೆ ಎಂವಿಎ ತಿದ್ದುಪಡಿ ಸಾಕು. ಅದರ 11 ಮತ್ತು 132 ಎರಡೂ ವಲಯಗಳ ಬೇಸಿಗೆ ಸರಿಹೊಂದುತ್ತವೆ. ಲೈನಿಗೆ ನೇಮ್ ಪ್ಲೇಟ್ ಇಲ್ಲವಾದ್ದರಿಂದ ಅದರ ಓಮನ್ನು 132 ಕೆವಿ ವಲಯದ ಬೇಸಾದ 174.24 ಓಮಿನಿಂದ ಭಾಗಿಸುತ್ತೇವೆ. T2ಗೆ ಮತ್ತೆ ಎರಡೂ ತಿದ್ದುಪಡಿಗಳು.

```
G    : 0.20 × (100/25) × (10.5/11)²  = 0.7289
T1   : 0.12 × (100/30)               = 0.4000
line : 40 / 174.24                   = 0.2296
T2   : 0.10 × (100/20) × (138/132)²  = 0.5465
                               total = 1.9050
```

T2ಗೆ ಎಚ್‌ವಿ ಬದಿಯ ಅನುಪಾತವನ್ನೇ ಏಕೆ ಬಳಸಿದಿರಿ ಎಂದು ಕೇಳಬಹುದು. ಎಲ್‌ವಿ ಬದಿಯಿಂದ ಹೋದರೆ 34.5/33, ಅದೂ 1.0455, ವರ್ಗ 1.0930, ಉತ್ತರ 0.5465. ಎರಡು ಬದಿಗಳಿಂದಲೂ ಲೆಕ್ಕ ಹಾಕಿ ನೋಡುವುದು ಒಂದು ಒಳ್ಳೆಯ ಪರೀಕ್ಷೆ. ಎರಡು ಉತ್ತರಗಳು ಬೇರೆ ಬಂದರೆ ತಪ್ಪು ಇಂಪೀಡೆನ್ಸಿನಲ್ಲಿಲ್ಲ, ನೀವು ವಲಯಗಳಿಗೆ ಕೊಟ್ಟ ಕೆವಿ ಬೇಸ್‌ಗಳಲ್ಲಿದೆ. ಆದರೆ ಒಂದು ಬದಿಯಿಂದ ಮಾತ್ರ ತಿದ್ದಬೇಕು. ಎರಡು ಬದಿ ಇದೆಯೆಂದು ಎರಡು ಸಲ ಗುಣಿಸಬಾರದು.

ಈ ಮೌಲ್ಯಗಳಿಂದ ಫಾಲ್ಟ್ ಕರೆಂಟನ್ನು ಹೇಗೆ ಪಡೆಯುವುದು, ಅದು ಸರಿಯೆಂದು ಹೇಗೆ ನಂಬುವುದು?

ಕೊನೆಯ ಬಸ್ಸಿನಲ್ಲಿ ಮೂರು ಫೇಸಿನ ಶಾರ್ಟ್ ಆಯಿತೆಂದೂ, ಅದಕ್ಕೆ ಮೊದಲು ಲೋಡ್ ಇರಲಿಲ್ಲವೆಂದೂ, ಎಲ್ಲ ವಲಯಗಳಲ್ಲಿಯೂ ವೋಲ್ಟೇಜ್ 1.0 ಪರ್ ಯೂನಿಟ್ ಇತ್ತೆಂದೂ ಇಟ್ಟುಕೊಳ್ಳೋಣ. ಆಗ ಕರೆಂಟ್ 1/1.9050 = 0.5249 ಪರ್ ಯೂನಿಟ್. ಈ ಒಂದು ಸಂಖ್ಯೆ ಇಡೀ ಸರಪಳಿಗೆ ಅನ್ವಯಿಸುತ್ತದೆ. ಆಂಪಿಯರಿಗೆ ಬದಲಿಸುವಾಗ ಮಾತ್ರ ಆಯಾ ವಲಯದ ಕರೆಂಟ್ ಬೇಸ್ ಬೇಕು. 33 ಕೆವಿ ವಲಯದ ಬೇಸ್ 1749.5 ಆಂಪಿಯರ್ ಆದ್ದರಿಂದ ಅಲ್ಲಿ 918 ಆಂಪಿಯರ್, ಲೈನಿನಲ್ಲಿ ಅದರ ನಾಲ್ಕನೇ ಒಂದು ಭಾಗವಾದ 230 ಆಂಪಿಯರ್, ಜನರೇಟರಿನ ಟರ್ಮಿನಲ್ಲಿನಲ್ಲಿ 2755 ಆಂಪಿಯರ್.

ಈಗ ಪರ್ ಯೂನಿಟ್ಟನ್ನು ಮರೆತು ಎಲ್ಲವನ್ನೂ ಓಮ್‌ನಲ್ಲಿ ಕೊನೆಯ ಬಸ್ಸಿನ ಬದಿಗೆ ತರೋಣ. ಜನರೇಟರಿನ 0.882 ಓಮ್ ಮೊದಲು 12ರ ವರ್ಗದಿಂದ ಹಿಗ್ಗಿ, ಆಮೇಲೆ 4ರ ವರ್ಗದಿಂದ ಕುಗ್ಗಿ 7.938 ಓಮ್ ಆಗುತ್ತದೆ. ಅದೇ ದಾರಿಯಲ್ಲಿ T1 4.356, ಲೈನ್ 2.5, T2 5.951, ಒಟ್ಟು 20.745 ಓಮ್. 33 ಕೆವಿಯ ಫೇಸ್ ವೋಲ್ಟೇಜ್ 19053 ವೋಲ್ಟನ್ನು ಇದರಿಂದ ಭಾಗಿಸಿದರೆ 918 ಆಂಪಿಯರ್. ಎರಡು ದಾರಿಗಳೂ ಒಂದೇ ಊರಿಗೆ ತಲುಪಿದವು. ಹೊಸ ಜಾಲವೊಂದರ ಲೆಕ್ಕ ಮಾಡುವಾಗ ಕನಿಷ್ಠ ಒಂದು ಬಸ್ಸಿಗಾದರೂ ಈ ಓಮ್ ಪರೀಕ್ಷೆ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಸೂಕ್ಷ್ಮ: 11 ಕೆವಿ ವಲಯದಲ್ಲಿ 1.0 ಪರ್ ಯೂನಿಟ್ ಎಂದರೆ ಜನರೇಟರ್ ತನ್ನ 10.5 ಕೆವಿ ರೇಟಿಂಗಿನ 1.048 ಪಟ್ಟಿನಲ್ಲಿ ಓಡುತ್ತಿದೆ ಎಂದರ್ಥ. ಅದು 10.5 ಕೆವಿಯಲ್ಲೇ ಓಡುತ್ತಿತ್ತು ಎಂದಾದರೆ ಲೆಕ್ಕವನ್ನು 10.5/11, ಅಂದರೆ 0.955 ಪರ್ ಯೂನಿಟ್ ವೋಲ್ಟೇಜಿನಿಂದ ಆರಂಭಿಸಬೇಕು, ಕರೆಂಟ್ 877 ಆಂಪಿಯರಿಗೆ ಇಳಿಯುತ್ತದೆ. ರಿಯಾಕ್ಟೆನ್ಸಿನ ಬೇಸ್ ಬದಲಿಸಿ ವೋಲ್ಟೇಜಿನದನ್ನು ಮರೆಯುವುದು ಬಹಳ ಸಾಮಾನ್ಯವಾದ ಎಡವಟ್ಟು.

ಕೆವಿ ತಿದ್ದುಪಡಿಯನ್ನು ಬಿಟ್ಟರೆ ಅಷ್ಟೊಂದು ನಷ್ಟವಾಗುತ್ತದೆಯೇ?

ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಒಮ್ಮೆ ತಿದ್ದುಪಡಿ ಇಲ್ಲದೆಯೇ ಲೆಕ್ಕ ಮಾಡಿ, ಉತ್ತರ ಹೆಚ್ಚು ಕಡಿಮೆ ಸರಿಬಂದದ್ದನ್ನು ಕಂಡಿರುತ್ತಾರೆ. ನಮ್ಮ ಜಾಲದಲ್ಲಿಯೂ ಹಾಗೆಯೇ ಆಗುತ್ತದೆ. ಜನರೇಟರಿಗೆ 0.80, T2ಗೆ 0.50 ಎಂದು ಹಾಕಿದರೆ ಒಟ್ಟು 1.9296, ಕರೆಂಟ್ 907 ಆಂಪಿಯರ್. ಸರಿಯಾದ ಉತ್ತರಕ್ಕಿಂತ ಶೇಕಡಾ ಒಂದೂಕಾಲರಷ್ಟು ಮಾತ್ರ ಕಡಿಮೆ!

ಆದರೆ ಒಳಗೆ ನೋಡಿ. ಜನರೇಟರಿನ ರಿಯಾಕ್ಟೆನ್ಸ್ ಸುಮಾರು 10% ಹೆಚ್ಚಾಗಿದೆ, T2ನದು ಸುಮಾರು 8.5% ಕಡಿಮೆಯಾಗಿದೆ; ಒಂದರ ತಪ್ಪು ಇನ್ನೊಂದರ ತಪ್ಪನ್ನು ಮುಚ್ಚಿಹಾಕಿದೆ. ಫಾಲ್ಟನ್ನು ಕೊನೆಯ ಬಸ್ಸಿನಿಂದ T2ನ ಎಚ್‌ವಿ ಬದಿಗೆ ಸರಿಸಿದರೆ ಈ ಮುಸುಕು ಸರಿಯುತ್ತದೆ. ಅಲ್ಲಿ ಸರಿಯಾದ ಮೊತ್ತ 1.3585, ತಪ್ಪಾದದ್ದು 1.4296, ವ್ಯತ್ಯಾಸ ಐದು ಪ್ರತಿಶತವನ್ನು ದಾಟುತ್ತದೆ. ಹಾಗಾಗಿ ಕೊನೆಯ ಉತ್ತರ ಹೊಂದಿತೆಂದು ನೆಮ್ಮದಿಪಡದೆ ಪ್ರತಿ ಅಂಶದ ಪರ್ ಯೂನಿಟ್ ಮೌಲ್ಯವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ಲೆಕ್ಕದ ಎಲ್ಲ ರಿಯಾಕ್ಟೆನ್ಸ್‌ಗಳನ್ನೂ ಸರಿಯಾಗಿ ಬದಲಿಸಿ, ಕೊನೆಯ ಸಾಲಿನಲ್ಲಿ ಕರೆಂಟ್ ಬೇಸನ್ನು ಟ್ರಾನ್ಸ್‌ಫಾರ್ಮರಿನ ನೇಮ್ ಪ್ಲೇಟ್ ಕೆವಿಯಿಂದ ತೆಗೆದಿದ್ದೆ. ಇಲ್ಲಿನ ಅಂಕಿಗಳಲ್ಲಿ ಹೇಳುವುದಾದರೆ 33ರ ಬದಲು 34.5 ಹಾಕಿದರೆ ಬೇಸ್ 1673.5 ಆಂಪಿಯರ್ ಆಗಿ ಫಾಲ್ಟ್ ಕರೆಂಟ್ 878ಕ್ಕೆ ಇಳಿಯುತ್ತದೆ. ಹಾಳೆಯನ್ನು ಪರಿಶೀಲಿಸಿದ ಹಿರಿಯರು ಎಚ್‌ವಿ ಬದಿಯ ಕರೆಂಟನ್ನು ನಾಲ್ಕರಿಂದ ಗುಣಿಸಿ, ಅದು ಎಲ್‌ವಿ ಬದಿಯದಕ್ಕೆ ಸಮನಾಗದಿರುವುದನ್ನು ತೋರಿಸಿ ಹಾಳೆಯನ್ನು ಮರಳಿ ಕೊಟ್ಟರು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಸ್ಟಾರ್ ಡೆಲ್ಟಾ ಜೋಡಣೆ ಇದ್ದರೆ √3 ಎಲ್ಲಿ ಸೇರಿಸಬೇಕು?

ಎಲ್ಲಿಯೂ ಬೇಡ, ಎರಡೂ ಬದಿಗಳಲ್ಲಿ ಲೈನಿನಿಂದ ಲೈನಿಗಿರುವ ಕೆವಿಯನ್ನೇ ಬಳಸುತ್ತಿದ್ದರೆ. ಸುರುಳಿಗಳ ಸುತ್ತುಗಳ ಅನುಪಾತದಲ್ಲಿ √3 ಇರುತ್ತದೆ, ಆದರೆ ಲೈನ್ ವೋಲ್ಟೇಜುಗಳ ಅನುಪಾತದಲ್ಲಿ ಅದು ಆಗಲೇ ಲೀನವಾಗಿರುತ್ತದೆ. ಎಚ್ಚರ ಬೇಕಾಗುವುದು ಮೂರು ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರುಗಳನ್ನು ಕೂಡಿಸಿದ ಬ್ಯಾಂಕ್ ಇದ್ದಾಗ. T1 ಎಂಬುದು 10 ಎಂವಿಎ, 76.2/11 ಕೆವಿಯ ಮೂರು ಘಟಕಗಳಿಂದ ಆಗಿದ್ದು, ಎಚ್‌ವಿ ಸ್ಟಾರ್‌ನಲ್ಲಿಯೂ ಎಲ್‌ವಿ ಡೆಲ್ಟಾದಲ್ಲಿಯೂ ಇದ್ದರೆ, ಅದರ ಮೂರು ಫೇಸಿನ ರೇಟಿಂಗ್ 30 ಎಂವಿಎ, 132/11 ಕೆವಿ. ವಲಯದ ಬೇಸನ್ನು ದಾಟಿಸಲು ಬಳಸಬೇಕಾದದ್ದು ಈ 132/11 ಅನ್ನು, ಘಟಕದ ಮೇಲೆ ಬರೆದಿರುವ 76.2/11 ಅನ್ನಲ್ಲ.

ಸ್ಟಾರ್ ಡೆಲ್ಟಾದಿಂದ ಬರುವ 30 ಡಿಗ್ರಿಯ ಕೋನಾಂತರ ಪರ್ ಯೂನಿಟ್ ಪರಿಮಾಣಗಳನ್ನು ಮುಟ್ಟುವುದಿಲ್ಲ. ಎರಡು ಬದಿಗಳ ಕರೆಂಟುಗಳ ಕೋನವನ್ನು ಹೋಲಿಸಬೇಕಾದ ಸಂದರ್ಭದಲ್ಲಿ, ಉದಾಹರಣೆಗೆ ಡಿಫರೆನ್ಷಿಯಲ್ ರಿಲೇಯ ಲೆಕ್ಕದಲ್ಲಿ, ಅದನ್ನು ಬೇರೆಯಾಗಿ ಸೇರಿಸಬೇಕು.

ಟ್ರಾನ್ಸ್‌ಫಾರ್ಮರಿನ ಅನುಪಾತವೇ ವಲಯಗಳ ಬೇಸಿಗೆ ಹೊಂದದಿದ್ದರೆ?

ಇಲ್ಲಿಯವರೆಗಿನ ವಿಧಾನ ಸೋಲುವ ಜಾಗ ಇದೇ. T2ನ ಪಕ್ಕದಲ್ಲಿ ಅದಕ್ಕೆ ಸಮಾಂತರವಾಗಿ T3 ಎಂಬ ಇನ್ನೊಂದು 20 ಎಂವಿಎ, 10% ಟ್ರಾನ್ಸ್‌ಫಾರ್ಮರನ್ನು ಇಡೋಣ. ಅದು 132/33 ಕೆವಿಯದಾದರೆ ತೊಂದರೆಯಿಲ್ಲ, ರೇಟಿಂಗ್ ಬೇರೆಯಾದರೂ ಅನುಪಾತ ಅದೇ 4. ಆದರೆ 132/34.5 ಕೆವಿಯದಾದರೆ, T2ನ ಮೂಲಕ ಬಂದಾಗ ಬಸ್ಸಿನ ಬೇಸ್ 33 ಎಂದೂ T3ನ ಮೂಲಕ ಬಂದಾಗ 34.5 ಎಂದೂ ಆಗುತ್ತದೆ. ಒಂದೇ ಬಸ್ಸಿಗೆ ಎರಡು ಬೇಸ್ ಇರಲು ಸಾಧ್ಯವಿಲ್ಲ.

ಇಂಥಲ್ಲಿ 33ನ್ನು ಉಳಿಸಿಕೊಂಡು, T3ನ ಮಾದರಿಯಲ್ಲಿ 34.5/33 = 1.0455 ಅನುಪಾತದ ಒಂದು ಆದರ್ಶ ಟ್ರಾನ್ಸ್‌ಫಾರ್ಮರನ್ನು ಪರ್ ಯೂನಿಟ್ ಚಿತ್ರದಲ್ಲಿ ಹಾಗೆಯೇ ಬಿಡಬೇಕು. ಟ್ಯಾಪ್ ಬದಲಿಸಿದ ಟ್ರಾನ್ಸ್‌ಫಾರ್ಮರಿಗೂ ಇದೇ ಮಾದರಿ. ಈಗ ರಿಯಾಕ್ಟೆನ್ಸ್ ಆ ಆದರ್ಶ ಟ್ರಾನ್ಸ್‌ಫಾರ್ಮರಿನ ಯಾವ ಬದಿಯಲ್ಲಿದೆ ಎಂಬುದು ಮುಖ್ಯವಾಗುತ್ತದೆ: ಎಚ್‌ವಿ ಬದಿಯಲ್ಲಿಟ್ಟರೆ 0.5, ಎಲ್‌ವಿ ಬದಿಯಲ್ಲಿಟ್ಟರೆ 0.5465. ಎರಡೂ ಬದಿಗೆ ಒಂದೇ ಮೌಲ್ಯ ಎಂಬ ಸೌಲಭ್ಯ ಇಲ್ಲಿ ಕೈತಪ್ಪಿದೆ.

ಈ ಅನುಪಾತವನ್ನು ನಿರ್ಲಕ್ಷಿಸಿದರೆ ಏನಾಗುತ್ತದೆ ಎಂಬುದು ಲೋಡ್ ಇಲ್ಲದಿರುವಾಗ ಕಾಣುತ್ತದೆ. ಎಚ್‌ವಿ ಬದಿಯಲ್ಲಿ 132 ಕೆವಿ ಇದ್ದರೆ T2 ತನ್ನ ಎಲ್‌ವಿ ಬದಿಯಲ್ಲಿ 33 ಕೆವಿಯನ್ನೂ T3 34.5 ಕೆವಿಯನ್ನೂ ಕೊಡಲು ಯತ್ನಿಸುತ್ತವೆ. 0.0455 ಪರ್ ಯೂನಿಟ್‌ನ ಈ ಅಂತರ ಎರಡರ ಕೂಡು ರಿಯಾಕ್ಟೆನ್ಸಾದ 1.093 ಮೂಲಕ 0.0416 ಪರ್ ಯೂನಿಟ್ ಕರೆಂಟನ್ನು ಸುತ್ತಿಸುತ್ತದೆ. ಆಂಪಿಯರಿನಲ್ಲಿ ಅದು ಸುಮಾರು 73, ರೇಟೆಡ್ ಕರೆಂಟಿನ ಐದನೇ ಒಂದು ಭಾಗಕ್ಕೂ ಹೆಚ್ಚು. ಆದರ್ಶ ಟ್ರಾನ್ಸ್‌ಫಾರ್ಮರನ್ನು ಬಿಟ್ಟು ಬರೆದ ಚಿತ್ರದಲ್ಲಿ ಅದೇ ಕರೆಂಟ್ ಸೊನ್ನೆ ಎಂದು ಬರುತ್ತದೆ.